ಸಮ್ಮೇಳನಕ್ಕೆ ಹೋಗುವ ಮುನ್ನವೇ ಭೇಟಿಗಳನ್ನು ನಿಗದಿ ಮಾಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಔಷಧ ಮತ್ತು ಜೈವಿಕ ತಂತ್ರಜ್ಞಾನ ಕ್ಷೇತ್ರದ ಸಣ್ಣ ಸಂಸ್ಥೆಗಳು ಯುರೋಪಿನಲ್ಲಿ ಗ್ರಾಹಕರನ್ನೂ ಪಾಲುದಾರರನ್ನೂ ಹುಡುಕಿಕೊಂಡು ಹೋಗುವ ಸಮ್ಮೇಳನಗಳಲ್ಲಿ ಬಯೊ-ಯುರೋಪ್ ದೊಡ್ಡದು. ಅದು ಪ್ರತಿ ವರ್ಷ ಒಂದೊಂದು ನಗರದಲ್ಲಿ ಮೂರು ದಿನ ನಡೆಯುತ್ತದೆ. 2024ರಲ್ಲಿ ಸ್ಟಾಕ್‌ಹೋಮ್‌ನಲ್ಲಿ, 2025ರ ನವೆಂಬರ್ 3ರಿಂದ 5ರವರೆಗೆ ವಿಯೆನ್ನಾದಲ್ಲಿ ನಡೆಯಿತು. ಐದು ಸಾವಿರಕ್ಕೂ ಹೆಚ್ಚು ಜನ ಸೇರುವ ಈ ಸಮ್ಮೇಳನದಲ್ಲಿ ವೇದಿಕೆಯ ಭಾಷಣಗಳಿಗಿಂತ ದೊಡ್ಡ ಕೆಲಸ ನಡೆಯುವುದು ಸಭಾಂಗಣದಲ್ಲಿ ಸಾಲಾಗಿ ಹಾಕಿದ ಪುಟ್ಟ ಬೂತ್‌ಗಳಲ್ಲಿ, ಅರ್ಧರ್ಧ ಗಂಟೆಯ ಮುಖಾಮುಖಿ ಭೇಟಿಗಳಲ್ಲಿ. ಆ ಭೇಟಿಗಳಲ್ಲಿ ಬಹುಪಾಲು ಸಮ್ಮೇಳನ ಶುರುವಾಗುವ ಮೊದಲೇ ಪಾರ್ಟ್ನರಿಂಗ್‌ಒನ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಗೊತ್ತಾಗಿರುತ್ತವೆ.

ಮೊದಲ ಬಾರಿ ಹೊರಟವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉತ್ತರಗಳು ಗಾಳಿಯಲ್ಲಿ ತೇಲಬಾರದೆಂದು ಒಂದು ಸಂಸ್ಥೆಯನ್ನು ಕಲ್ಪಿಸಿಕೊಂಡು ಅದನ್ನೇ ಕೊನೆಯವರೆಗೆ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಅದು ಬೆಂಗಳೂರಿನ ಇಪ್ಪತ್ತೈದು ಜನರ ಪ್ರಯೋಗಾಲಯ. ಪ್ರಾಣಿಗಳ ಮೇಲೆ ಅಥವಾ ಮನುಷ್ಯರ ಮೇಲೆ ನಡೆಯುವ ಔಷಧ ಪ್ರಯೋಗಗಳಿಂದ ಬಂದ ರಕ್ತದ ಮಾದರಿಗಳಲ್ಲಿ ಔಷಧ ಎಷ್ಟಿದೆ ಎಂದು ಅಳೆದುಕೊಡುವುದು ಅದರ ಕೆಲಸ, ಆಲಿಗೋನ್ಯೂಕ್ಲಿಯೋಟೈಡ್ ಎಂಬ ಬಗೆಯ ಔಷಧಗಳಲ್ಲಿ ಅದಕ್ಕೆ ವಿಶೇಷ ಪರಿಣತಿ. ಅಲ್ಲಿಂದ ಇಬ್ಬರು ಸಮ್ಮೇಳನಕ್ಕೆ ಹೋಗುತ್ತಿದ್ದಾರೆ.

ಪ್ರತಿನಿಧಿಗಳ ಪಟ್ಟಿ ಎಲ್ಲಿ ಸಿಗುತ್ತದೆ, ಯಾವಾಗ ಸಿಗುತ್ತದೆ?

ಪೂರ್ತಿ ಪಟ್ಟಿ ನೋಂದಣಿ ಮಾಡಿ ಶುಲ್ಕ ಕಟ್ಟಿದವರಿಗೆ, ವ್ಯವಸ್ಥೆಯೊಳಗೆ ಲಾಗಿನ್ ಆದ ಮೇಲೆ ಮಾತ್ರ ತೆರೆದುಕೊಳ್ಳುತ್ತದೆ. ಇಂಥ ಸಮ್ಮೇಳನಗಳಲ್ಲಿ ವ್ಯವಸ್ಥೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಮುಂಚೆ ತೆರೆಯುತ್ತದೆ. ನೋಂದಣಿ ಮಾಡುವಾಗ ನೀವು ಕೊಳ್ಳುತ್ತಿರುವ ಟಿಕೆಟ್‌ನಲ್ಲಿ ಭೇಟಿ ನಿಗದಿ ಮಾಡುವ ಸೌಲಭ್ಯ ಇದೆಯೇ ಎಂಬುದನ್ನು ಮೊದಲು ನೋಡಿ. ಕೆಲವು ಸಮ್ಮೇಳನಗಳಲ್ಲಿ ಪ್ರದರ್ಶನ ಮಾತ್ರ ನೋಡುವ ಅಗ್ಗದ ಪಾಸ್ ಪ್ರತ್ಯೇಕವಾಗಿರುತ್ತದೆ, ಅದನ್ನು ಕೊಂಡವರಿಗೆ ಪಟ್ಟಿ ಕಾಣುವುದಿಲ್ಲ.

ತೆರೆದ ದಿನ ಕಾಣುವ ಪಟ್ಟಿ ಅಪೂರ್ಣ. ದೊಡ್ಡ ಕಂಪನಿಗಳು ಮುಂಚೆಯೇ ನೋಂದಾಯಿಸುತ್ತವೆ. ಹಣದ ಲೆಕ್ಕ ನೋಡಿಕೊಂಡು ತೀರ್ಮಾನಿಸುವ ಸಣ್ಣ ಸಂಸ್ಥೆಗಳು ಕೊನೆಯ ಮೂರು ವಾರಗಳಲ್ಲಿ ಬಂದು ಸೇರುತ್ತವೆ. ನಮ್ಮ ಉದಾಹರಣೆಯ ಪ್ರಯೋಗಾಲಯಕ್ಕೆ ಬೇಕಾಗಿರುವುದು ಈ ಸಣ್ಣ ಸಂಸ್ಥೆಗಳೇ ಆದ್ದರಿಂದ, ಒಮ್ಮೆ ಪಟ್ಟಿ ಓದಿ ಮುಗಿಸಿದೆವು ಎಂದುಕೊಳ್ಳದೆ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಹೊಸದಾಗಿ ಸೇರಿದವರನ್ನು ಮಾತ್ರ ನೋಡುವ ಪದ್ಧತಿ ಇಟ್ಟುಕೊಳ್ಳಬೇಕು.

ಪ್ರತಿನಿಧಿಗಳ ಪಟ್ಟಿಯನ್ನು ಮಾರುತ್ತೇವೆಂದು ಇಮೇಲ್ ಬಂದಿದೆ. ಕೊಳ್ಳಬಹುದೇ?

ಬೇಡ. ಹೆಸರು, ಹುದ್ದೆ, ಫೋನ್, ಇಮೇಲ್ ಎಲ್ಲವೂ ಇರುವ ಪಟ್ಟಿ ಇಷ್ಟು ಡಾಲರ್‌ಗೆ ಎನ್ನುವ ಪತ್ರಗಳು ಯಾವುದೇ ದೊಡ್ಡ ಸಮ್ಮೇಳನಕ್ಕೆ ಮುಂಚೆ ಬರುತ್ತವೆ. ಅವು ಆಯೋಜಕರಿಂದ ಬಂದವಲ್ಲ. ಹಣ ತೆತ್ತರೆ ಕೈಗೆ ಸಿಗುವುದು ಎಲ್ಲೆಲ್ಲಿಂದಲೋ ಕಲೆಹಾಕಿದ ಹಳೆಯ ವಿಳಾಸಗಳು, ಇಲ್ಲವೇ ಏನೂ ಇಲ್ಲ. ಅನುಮಾನವಿದ್ದರೆ ಸಮ್ಮೇಳನದ ಅಧಿಕೃತ ವೆಬ್‌ಸೈಟ್‌ನಲ್ಲಿರುವ ವಿಳಾಸಕ್ಕೆ ಬರೆದು ಕೇಳಿ. ಬಂದ ಪತ್ರಕ್ಕೇ ಉತ್ತರಿಸಿ ಕೇಳಬೇಡಿ.

ಇದಕ್ಕೆ ಕಾನೂನಿನ ಮುಖವೂ ಇದೆ. ಯುರೋಪ್ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮಗಳು 2018ರಿಂದ ಜಾರಿಯಲ್ಲಿವೆ. ಪ್ರತಿನಿಧಿಗಳು ತಮ್ಮ ವಿವರ ತೋರಿಸಲು ಒಪ್ಪಿರುವುದು ಆ ವ್ಯವಸ್ಥೆಯೊಳಗಿನ ಬಳಕೆಗೆ. ಅಲ್ಲಿಂದ ಹೆಸರುಗಳನ್ನು ಸಾರಾಸಗಟಾಗಿ ಎತ್ತಿಕೊಂಡು ನಿಮ್ಮ ಪ್ರಚಾರಪತ್ರದ ಪಟ್ಟಿಗೆ ಸೇರಿಸುವುದು ಸಮ್ಮೇಳನದ ಷರತ್ತುಗಳಿಗೂ ಆ ನಿಯಮಗಳ ಆಶಯಕ್ಕೂ ವಿರುದ್ಧ. ಯಾವ ಸಂಸ್ಥೆ, ಯಾವ ಹಂತದ ಔಷಧ, ಏಕೆ ಆಯ್ದುಕೊಂಡೆವು ಎಂಬ ನಿಮ್ಮದೇ ಟಿಪ್ಪಣಿಗಳನ್ನು ಒಂದು ಶೀಟ್‌ನಲ್ಲಿ ಬರೆದಿಟ್ಟುಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಕೆಲಸಕ್ಕೆ ಬೇಕಾಗಿರುವುದೂ ಅಷ್ಟೇ.

ಸಾವಿರಾರು ಹೆಸರುಗಳಲ್ಲಿ ನಮಗೆ ಬೇಕಾದವರನ್ನು ಸೋಸುವುದು ಹೇಗೆ?

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ವ್ಯವಸ್ಥೆಯಲ್ಲಿರುವ ಫಿಲ್ಟರ್‌ಗಳು ದೇಶ, ಸಂಸ್ಥೆಯ ಬಗೆ, ರೋಗದ ಕ್ಷೇತ್ರ, ಔಷಧದ ಬಗೆ, ಅಭಿವೃದ್ಧಿಯ ಹಂತ ಇವುಗಳ ಮೇಲೆ ಕೆಲಸ ಮಾಡುತ್ತವೆ. ಅವು ಒರಟು ಜರಡಿ. ಆಯಾ ಸಂಸ್ಥೆಯವರು ಪ್ರೊಫೈಲ್ ತುಂಬುವಾಗ ಯಾವ ಚೌಕಕ್ಕೆ ಗುರುತು ಹಾಕಿದ್ದಾರೋ ಅದನ್ನಷ್ಟೇ ಫಿಲ್ಟರ್ ನಂಬುತ್ತದೆ, ಮತ್ತು ಅವಸರದಲ್ಲಿ ತುಂಬಿದವರು ಬಹಳ ಚೌಕಗಳನ್ನು ಖಾಲಿ ಬಿಟ್ಟಿರುತ್ತಾರೆ. ಆದ್ದರಿಂದ ಫಿಲ್ಟರ್ ಹಾಕಿದ ಮೇಲೆ ಅದೇ ವಿಷಯವನ್ನು ಬೇರೆ ಬೇರೆ ಪದಗಳಿಂದಲೂ ಹುಡುಕಬೇಕು. ಆಲಿಗೋನ್ಯೂಕ್ಲಿಯೋಟೈಡ್ ಔಷಧ ಮಾಡುವವರಲ್ಲಿ ಒಬ್ಬರು ಅದನ್ನು ಆಂಟಿಸೆನ್ಸ್ ಎಂದು ಬರೆದಿರುತ್ತಾರೆ, ಇನ್ನೊಬ್ಬರು ಆರ್‌ಎನ್‌ಎ ಚಿಕಿತ್ಸೆ ಎಂದಷ್ಟೇ ಬರೆದಿರುತ್ತಾರೆ.

ಹೀಗೆ ಸೋಸಿದಾಗ ನಮ್ಮ ಪ್ರಯೋಗಾಲಯಕ್ಕೆ ಸುಮಾರು 140 ಸಂಸ್ಥೆಗಳು ಉಳಿದವು ಎಂದುಕೊಳ್ಳೋಣ. ಇನ್ನು ಮುಂದಿನದು ಕೈಕೆಲಸ. ಪ್ರತಿಯೊಂದರ ವೆಬ್‌ಸೈಟ್ ತೆರೆದು ಒಂದೇ ಒಂದು ವಿಷಯ ನೋಡಬೇಕು: ಇವರು ನಾವು ಮಾಡುವ ಕೆಲಸವನ್ನು ಯಾರಿಗಾದರೂ ವಹಿಸಬೇಕಾದ ಹೊತ್ತು ಹತ್ತಿರ ಬಂದಿದೆಯೇ, ಆಗಲೇ ಕಳೆದುಹೋಗಿದೆಯೇ?

ಈ ಹೊತ್ತಿನ ಲೆಕ್ಕ ಹೀಗಿದೆ. ಮನುಷ್ಯರ ಮೇಲೆ ಪ್ರಯೋಗ ಮಾಡಲು ಅನುಮತಿ ಕೇಳುವ ಮುನ್ನ ಸಂಸ್ಥೆ ಪ್ರಾಣಿಗಳ ಮೇಲೆ ವಿಷಪರೀಕ್ಷೆ ಮಾಡಿಸಬೇಕು, ಆ ಪರೀಕ್ಷೆಯ ರಕ್ತದ ಮಾದರಿಗಳನ್ನು ಅಳೆಯುವ ವಿಧಾನ ಅದಕ್ಕೂ ಮೊದಲೇ ಸಿದ್ಧವಾಗಿ ದೃಢೀಕರಣ ಪಡೆದಿರಬೇಕು. ಹೀಗಾಗಿ ಅನುಮತಿಗೆ ಅರ್ಜಿ ಹಾಕಲು ಮೂರೇ ತಿಂಗಳು ಉಳಿದಿದೆ ಎಂದು ಪ್ರಕಟಿಸಿದ ಸಂಸ್ಥೆ ನೋಡಲು ಆಕರ್ಷಕವಾಗಿದ್ದರೂ ಅದು ಪ್ರಯೋಗಾಲಯವನ್ನು ಎಂದೋ ಗೊತ್ತುಮಾಡಿರುತ್ತದೆ. ಅಭಿವೃದ್ಧಿಪಡಿಸಲು ಒಂದು ಅಣುವನ್ನು ಈಗಷ್ಟೇ ಅಂತಿಮವಾಗಿ ಆಯ್ದುಕೊಂಡ, ಅರ್ಜಿಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಸಮಯವಿರುವ, ಕಳೆದ ಹನ್ನೆರಡು ತಿಂಗಳಲ್ಲಿ ಹೂಡಿಕೆ ಪಡೆದ ಸಂಸ್ಥೆಯೇ ನಮಗೆ ಬೇಕಾದದ್ದು. ಅವರಲ್ಲಿ ಕೆಲಸವೂ ಇದೆ, ಹಣವೂ ಇದೆ, ತೀರ್ಮಾನ ಮಾತ್ರ ಇನ್ನೂ ಆಗಿಲ್ಲ. ಈ ಕಣ್ಣಿನಿಂದ ನೋಡಿದರೆ 140 ಬಲುಬೇಗ 45ಕ್ಕೆ ಇಳಿಯುತ್ತದೆ. ಅವುಗಳಲ್ಲಿ ಹದಿನೈದನ್ನು ಮೊದಲ ಸಾಲಿಗೂ ಉಳಿದವನ್ನು ಎರಡನೆಯ ಸಾಲಿಗೂ ಹಾಕಿಕೊಳ್ಳಬಹುದು.

ನಿಮ್ಮದು ಬೇರೆ ವ್ಯವಹಾರವಾದರೆ ಈ ಹೊತ್ತಿನ ಗುರುತುಗಳು ಬೇರೆ ಇರುತ್ತವೆ. ಆ ಗುರುತುಗಳನ್ನು ಪಟ್ಟಿ ತೆರೆಯುವ ಮೊದಲೇ ಬರೆದಿಟ್ಟುಕೊಂಡರೆ ದೊಡ್ಡ ಹೆಸರುಗಳ ಸೆಳೆತಕ್ಕೆ ಸಿಕ್ಕಿ ಕೆಲಸ ಕೆಡುವುದಿಲ್ಲ.

ಕೋರಿಕೆ ಕಳುಹಿಸುವ ಮೊದಲು ನಮ್ಮ ಪ್ರೊಫೈಲ್‌ನಲ್ಲಿ ಏನಿರಬೇಕು?

ನಿಮ್ಮ ಕೋರಿಕೆ ಬಂದ ಕೂಡಲೇ ಆ ಕಡೆಯವರು ನಿಮ್ಮ ಸಂಸ್ಥೆಯ ಪ್ರೊಫೈಲ್ ತೆರೆಯುತ್ತಾರೆ. ಅದರ ಮೊದಲ ಎರಡು ಸಾಲುಗಳಲ್ಲಿ ಅವರ ಮೊದಲ ಅನುಮಾನಕ್ಕೆ ಉತ್ತರವಿರಬೇಕು. ಯುರೋಪಿನ ಸಣ್ಣ ಔಷಧ ಸಂಸ್ಥೆಗೆ ಭಾರತದ ಪ್ರಯೋಗಾಲಯದ ಬಗ್ಗೆ ಇರುವ ಮೊದಲ ಅನುಮಾನ, ಅಲ್ಲಿ ಮಾಡಿಸಿದ ಅಳತೆಯನ್ನು ನಮ್ಮ ನಿಯಂತ್ರಕರು ಒಪ್ಪುತ್ತಾರೆಯೇ ಎಂಬುದು. ಇದಕ್ಕೆ ಗಟ್ಟಿ ಉತ್ತರವಿದೆ. ಭಾರತ 2011ರಿಂದ ಆರ್ಥಿಕ ಸಹಕಾರದ ಅಂತರರಾಷ್ಟ್ರೀಯ ಸಂಘಟನೆಯಾದ ಒಇಸಿಡಿಯ ದತ್ತಾಂಶ ಪರಸ್ಪರ ಸ್ವೀಕಾರ ವ್ಯವಸ್ಥೆಯಲ್ಲಿ ಪೂರ್ಣವಾಗಿ ಸೇರಿದೆ. ಪ್ರಯೋಗಾಲಯಗಳ ಉತ್ತಮ ಕಾರ್ಯಪದ್ಧತಿಯ ನಿಯಮಗಳನ್ನು ಜಿಎಲ್‌ಪಿ ಎನ್ನುತ್ತಾರೆ. ಭಾರತ ಸರ್ಕಾರದ ಜಿಎಲ್‌ಪಿ ಪ್ರಾಧಿಕಾರದ ಪ್ರಮಾಣಪತ್ರವಿರುವ ಪ್ರಯೋಗಾಲಯ ತನ್ನ ಪ್ರಮಾಣಪತ್ರದ ವ್ಯಾಪ್ತಿಯೊಳಗೆ ಆ ನಿಯಮಗಳ ಪ್ರಕಾರ ಮಾಡಿದ ಪ್ರಾಣಿಪ್ರಯೋಗ ಹಂತದ ಸುರಕ್ಷತಾ ಅಧ್ಯಯನವನ್ನು ಇತರ ಸದಸ್ಯ ರಾಷ್ಟ್ರಗಳೂ ಅಂಗೀಕರಿಸುತ್ತವೆ. ಪ್ರಮಾಣಪತ್ರವಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ. ಎರಡನೆಯ ಅನುಮಾನ, ಹೆಪ್ಪುಗಟ್ಟಿಸಿದ ಮಾದರಿಗಳು ಕೆಡದೆ ಬೆಂಗಳೂರು ತಲುಪುತ್ತವೆಯೇ ಎಂಬುದು. ಡ್ರೈ ಐಸ್‌ನಲ್ಲಿ ಇಟ್ಟು ವಿಮಾನದಲ್ಲಿ ತರಿಸಿಕೊಂಡ ಅನುಭವವಿದ್ದರೆ ಅದನ್ನು ಎರಡನೆಯ ಸಾಲಿನಲ್ಲಿ ಹೇಳಿ.

ಜಾಗತಿಕ ಗುಣಮಟ್ಟ, ಸಮಗ್ರ ಸೇವೆ, ಕಡಿಮೆ ವೆಚ್ಚ ಎಂಬ ಮಾತುಗಳನ್ನು ಎಲ್ಲರೂ ಬರೆಯುತ್ತಾರೆ. ಅವುಗಳಿಂದ ನಿಮ್ಮನ್ನು ಯಾರೂ ಗುರುತಿಸಲಾರರು, ಹುಡುಕಾಟದಲ್ಲಿ ಕೂಡ ಅವು ಸಿಗುವುದಿಲ್ಲ. ಪ್ರೊಫೈಲ್ ಪೂರ್ತಿ ತುಂಬುವವರೆಗೆ ಒಂದು ಕೋರಿಕೆಯನ್ನೂ ಕಳುಹಿಸಬೇಡಿ. ಅರ್ಧ ಖಾಲಿ ಪ್ರೊಫೈಲ್ ನೋಡಿ ನಿರಾಕರಿಸಿದವರು ಅದನ್ನು ಮತ್ತೆ ತೆರೆದು ನೋಡುವುದು ಅಪರೂಪ.

ಕೋರಿಕೆಯ ಸಂದೇಶವನ್ನು ಹೇಗೆ ಬರೆಯಬೇಕು?

ಸೇವೆ ಮಾರುವವರು ಒಂದು ಸತ್ಯವನ್ನು ಒಪ್ಪಿಕೊಂಡೇ ಬರೆಯಲು ಕೂರಬೇಕು. ಔಷಧ ಸಂಸ್ಥೆಗಳ ಪ್ರತಿನಿಧಿಗಳು ಇಂಥ ಸಮ್ಮೇಳನಕ್ಕೆ ಬರುವುದು ಹೂಡಿಕೆದಾರರನ್ನೂ ತಮ್ಮ ಔಷಧವನ್ನು ಕೊಳ್ಳುವ ದೊಡ್ಡ ಕಂಪನಿಗಳನ್ನೂ ನೋಡಲು. ಸೇವಾ ಸಂಸ್ಥೆಗಳಿಂದ ಬರುವ ಕೋರಿಕೆಗಳು ಅವರ ಪೆಟ್ಟಿಗೆಯಲ್ಲಿ ರಾಶಿ ಬಿದ್ದಿರುತ್ತವೆ, ಎಷ್ಟೋ ಸಂಸ್ಥೆಗಳು ಅವನ್ನು ಓದದೆಯೇ ನಿರಾಕರಿಸುತ್ತವೆ. ನಿಮ್ಮ ಸಂದೇಶದ ಮೊದಲ ವಾಕ್ಯದಲ್ಲಿ ನಿಮ್ಮ ಹೆಸರಿಗಿಂತ ಮುಂಚೆ ಅವರ ಕೆಲಸ ಕಾಣಬೇಕು.

ಸೋಲುವ ಸಂದೇಶ ಹೀಗಿರುತ್ತದೆ: "ನಾವು ಬೆಂಗಳೂರಿನ ಪ್ರಮುಖ ಸಂಶೋಧನಾ ಸೇವಾ ಸಂಸ್ಥೆ. ಅನೇಕ ಬಗೆಯ ಸೇವೆಗಳನ್ನು ಒದಗಿಸುತ್ತೇವೆ. ಪರಸ್ಪರ ಸಹಕಾರದ ಸಾಧ್ಯತೆಗಳನ್ನು ಚರ್ಚಿಸಲು ತಮ್ಮನ್ನು ಭೇಟಿಯಾಗಲು ಬಯಸುತ್ತೇವೆ." ಇದರಲ್ಲಿ ಓದುವವರಿಗೆ ಸಂಬಂಧಿಸಿದ ಒಂದು ಪದವೂ ಇಲ್ಲ. ಹೆಸರು ಬದಲಿಸಿ ಐನೂರು ಜನಕ್ಕೆ ಕಳುಹಿಸಿದ್ದಾರೆ ಎಂಬುದು ಅವರಿಗೆ ತಕ್ಷಣ ತಿಳಿಯುತ್ತದೆ.

ಅದೇ ಪ್ರಯೋಗಾಲಯ ಹೀಗೆ ಬರೆಯಬಹುದು: "ಯಕೃತ್ತಿನ ರೋಗಕ್ಕೆ ನೀವು ಆಯ್ದ ಆಂಟಿಸೆನ್ಸ್ ಅಣುವನ್ನು ಜೂನ್‌ನಲ್ಲಿ ಪ್ರಕಟಿಸಿದ್ದನ್ನು ಓದಿದೆವು. ವಿಷಪರೀಕ್ಷೆಯ ಸಿದ್ಧತೆಯಲ್ಲಿ ಇದ್ದೀರಿ ಎಂದು ತಿಳಿಯುತ್ತೇವೆ. ಇಂಥ ಅಣುಗಳಲ್ಲಿ ಪೂರ್ಣ ಅಣುವನ್ನೂ ತುದಿ ಕತ್ತರಿಸಿಹೋದ ತುಣುಕುಗಳನ್ನೂ ಬೇರೆ ಬೇರೆಯಾಗಿ ಅಳೆಯುವುದು ನಮ್ಮ ಪ್ರಯೋಗಾಲಯದ ಮುಖ್ಯ ಕೆಲಸ, ಜಿಎಲ್‌ಪಿ ಪ್ರಮಾಣಪತ್ರವಿದೆ. ಅಳತೆಯ ವಿಧಾನವನ್ನು ಯಾರಿಗೆ ವಹಿಸಬೇಕೆಂದು ಇನ್ನೂ ತೀರ್ಮಾನಿಸಿಲ್ಲವಾದರೆ ಅರ್ಧ ಗಂಟೆ ಮಾತಾಡಬಹುದೇ? ಸಮ್ಮೇಳನಕ್ಕೆ ಬಂದವರು ಈ ವಿಷಯ ನೋಡುವವರಲ್ಲದಿದ್ದರೆ, ನೋಡುವವರ ಹೆಸರು ತಿಳಿಸಿದರೂ ಸಾಕು."

ಕೊನೆಯ ವಾಕ್ಯ ಬಹಳ ಮುಖ್ಯ. ಸಮ್ಮೇಳನಕ್ಕೆ ಬರುವವರು ಹೆಚ್ಚಾಗಿ ವ್ಯವಹಾರಾಭಿವೃದ್ಧಿಯ ಮುಖ್ಯಸ್ಥರು ಅಥವಾ ಸಂಸ್ಥೆಯ ಸಿಇಒ. ಪ್ರಯೋಗಾಲಯವನ್ನು ಆರಿಸುವ ವಿಜ್ಞಾನಿ ಊರಲ್ಲೇ ಉಳಿದಿರುತ್ತಾರೆ. ಭೇಟಿಗೆ ಒಪ್ಪದವರೂ ಆ ವಿಜ್ಞಾನಿಯ ಹೆಸರನ್ನು ಕೊಡುವುದುಂಟು, ಮತ್ತು ನನ್ನ ಅಭಿಪ್ರಾಯದಲ್ಲಿ ಸೇವಾ ಸಂಸ್ಥೆಗೆ ಅದು ಎಷ್ಟೋ ಸಲ ಭೇಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇಲ್ಲವೆಂದು ಹೇಳುವವರಿಗೂ ಒಂದು ಸಣ್ಣ ಉಪಕಾರ ಮಾಡಲು ದಾರಿ ಬಿಡಬೇಕು.

ಹೀಗೆ ಒಂದೊಂದು ಸಂದೇಶ ಬರೆಯಲು ಸಮಯ ಹಿಡಿಯುತ್ತದೆ. ಮೊದಲ ಸಾಲಿನ ಹದಿನೈದು ಸಂಸ್ಥೆಗಳಿಗೆ ಪೂರ್ತಿ ಹೊಸದಾಗಿ ಬರೆಯಿರಿ. ಎರಡನೆಯ ಸಾಲಿನವರಿಗೆ ಪ್ರಯೋಗಾಲಯದ ಬಗ್ಗೆ ಹೇಳುವ ಭಾಗವನ್ನು ಹಾಗೆಯೇ ಇಟ್ಟುಕೊಂಡು ಮೊದಲ ಎರಡು ವಾಕ್ಯಗಳನ್ನು ಮಾತ್ರ ಬದಲಾಯಿಸಿದರೆ ಸಾಕು.

ಎಷ್ಟು ಕೋರಿಕೆ ಕಳುಹಿಸಬೇಕು? ಹೆಚ್ಚು ಕಳುಹಿಸಿದರೆ ಹೆಚ್ಚು ಭೇಟಿ ಸಿಗುವುದಿಲ್ಲವೇ?

ಸಿಗಬಹುದು, ಆದರೆ ಬೇಡದ ಭೇಟಿಗಳು ಸಿಗುತ್ತವೆ. ಬೇಕಾದ ಭೇಟಿ ಕೂರಬೇಕಿದ್ದ ಸ್ಲಾಟ್‌ನಲ್ಲಿ ಬೇಡದ್ದು ಬಂದು ಕೂತರೆ ನಷ್ಟ ನಿಮ್ಮದೇ. ಲೆಕ್ಕವನ್ನು ಹಿಂದಿನಿಂದ ಹಾಕಿಕೊಳ್ಳುವುದು ಒಳ್ಳೆಯದು. ಒಬ್ಬರು ದಿನಕ್ಕೆ ಎಂಟು ಭೇಟಿಗಳನ್ನು ಗಮನವಿಟ್ಟು ನಡೆಸಬಲ್ಲರು. ಅದರಾಚೆಗೆ ಯಾರು ಏನು ಹೇಳಿದರು ಎಂಬುದು ಕಲಸಿಹೋಗುತ್ತದೆ. ಇಬ್ಬರು ಹೋಗುತ್ತಿದ್ದರೂ ಮುಖ್ಯ ಭೇಟಿಗಳಲ್ಲಿ ಇಬ್ಬರೂ ಕೂರುವುದು ಲೇಸು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬರೆದುಕೊಳ್ಳಬಹುದು. ಮೊದಲ ದಿನದ ಬೆಳಿಗ್ಗೆ ನೋಂದಣಿ ಮತ್ತು ಉದ್ಘಾಟನೆಯಲ್ಲಿ ಕಳೆಯುತ್ತದೆಂದು ಹಿಡಿದರೆ ಎರಡೂವರೆ ದಿನಕ್ಕೆ ಹೆಚ್ಚೆಂದರೆ ಇಪ್ಪತ್ತು ಭೇಟಿ.

ಸೇವಾ ಸಂಸ್ಥೆಗೆ ನಾಲ್ಕು ಕೋರಿಕೆಗೆ ಒಂದು ಒಪ್ಪಿಗೆ ಬಂದರೆ ಅದು ಒಳ್ಳೆಯ ಫಲವೆಂದೇ ನಾನು ಎಣಿಸುತ್ತೇನೆ. 45 ಕೋರಿಕೆಗಳಿಗೆ ಹನ್ನೊಂದು ಒಪ್ಪಿಗೆ ಬಂದವು ಎಂದುಕೊಳ್ಳಿ. ನಿಮ್ಮನ್ನೇ ಹುಡುಕಿಕೊಂಡು ಬರುವ ಕೋರಿಕೆಗಳಲ್ಲಿ ಒಪ್ಪತಕ್ಕವು ಮೂರು ನಾಲ್ಕು ಸೇರಿದರೆ ಹದಿನೈದಾಗುತ್ತದೆ, ಐದು ಸ್ಲಾಟ್ ಕೊನೆಯ ವಾರದಲ್ಲಿ ಸೇರುವ ಸಂಸ್ಥೆಗಳಿಗೆ ಉಳಿಯುತ್ತದೆ. ಒಪ್ಪಿಗೆ ಹತ್ತಕ್ಕೆ ಒಂದಕ್ಕಿಂತಲೂ ಕಡಿಮೆ ಬರುತ್ತಿದ್ದರೆ ಇನ್ನಷ್ಟು ಕಳುಹಿಸುವ ಬದಲು ನಿಲ್ಲಿಸಿ ನೋಡಿ: ಒಂದೋ ಸೋಸಿದ್ದು ತಪ್ಪಾಗಿದೆ, ಇಲ್ಲವೇ ಸಂದೇಶದ ಮೊದಲ ವಾಕ್ಯ ಸರಿಯಿಲ್ಲ. ಉತ್ತರವೇ ಇಲ್ಲದೆ ಕೋರಿಕೆಗಳು ತೆರೆದೇ ಇದ್ದರೆ ಆ ಕಡೆಯವರು ಇನ್ನೂ ಲಾಗಿನ್ ಆಗಿಲ್ಲದಿರಬಹುದು. ಬೇಗ ಬೇಗನೆ ನಿರಾಕರಣೆ ಬರುತ್ತಿದ್ದರೆ ಓದಿಯೇ ಬೇಡವೆಂದಿದ್ದಾರೆ.

ಒಪ್ಪಿಗೆ ಸಿಕ್ಕಿದ ಮೇಲೆ ಸಮಯ ಯಾರು ಗೊತ್ತುಮಾಡುತ್ತಾರೆ?

ಇಲ್ಲಿ ಎರಡು ಬಗೆಯ ವ್ಯವಸ್ಥೆಗಳಿವೆ. ಬ್ರೆಲ್ಲಾದಂಥ ಆ್ಯಪ್‌ಗಳಲ್ಲಿ ಕೋರಿಕೆ ಕಳುಹಿಸುವಾಗಲೇ ಇಬ್ಬರಿಗೂ ಬಿಡುವಿರುವ ಒಂದು ಸ್ಲಾಟ್ ಆರಿಸುತ್ತೀರಿ, ಅವರು ಒಪ್ಪಿದರೆ ಅದೇ ಸಮಯ ಖಾಯಂ. ಅಲ್ಲಿ ಎದುರಿನವರ ಬಿಡುವಿನ ಸ್ಲಾಟ್‌ಗಳು ಮುಗಿಯುವ ಮೊದಲೇ ಕೇಳಿಬಿಡಬೇಕು. ಪಾರ್ಟ್ನರಿಂಗ್‌ಒನ್ ಬಗೆಯ ವ್ಯವಸ್ಥೆಯಲ್ಲಿ ಮೊದಲು ಒಪ್ಪಿಗೆ ಮಾತ್ರ ಆಗುತ್ತದೆ. ಆಮೇಲೆ ಎರಡೂ ಕಡೆಯವರು ಗುರುತಿಸಿಟ್ಟ ಬಿಡುವಿನ ಸಮಯವನ್ನು ತಾಳೆಹಾಕಿ ವ್ಯವಸ್ಥೆಯೇ ಗಂಟೆಯನ್ನೂ ಬೂತ್ ಸಂಖ್ಯೆಯನ್ನೂ ಕೊಡುತ್ತದೆ. ಇಲ್ಲಿ ಒಪ್ಪಿಗೆ ಸಿಕ್ಕಿತೆಂದು ನೆಮ್ಮದಿಯಾಗಿ ಇರುವ ಹಾಗಿಲ್ಲ. ಇಬ್ಬರ ಬಿಡುವೂ ಒಂದೇ ಹೊತ್ತಿಗೆ ಬಾರದಿದ್ದರೆ ಒಪ್ಪಿದ ಭೇಟಿಯೂ ಸಮಯವಿಲ್ಲದೆ ತೂಗಾಡುತ್ತಿರುತ್ತದೆ.

ಈ ತೊಂದರೆಗೆ ಸಾಮಾನ್ಯ ಕಾರಣ, ನಾವು ಬಿಡುವನ್ನು ತೀರ ಬಿಗಿಯಾಗಿ ಗುರುತಿಸಿರುವುದು. ಬೇಡಿಕೆಯಿರುವ ಸಂಸ್ಥೆಗಳಿಗೆ ಉಳಿಯುವುದು ಮೊದಲ ದಿನದ ಮಧ್ಯಾಹ್ನ ಮತ್ತು ಕೊನೆಯ ದಿನದ ಕೊನೆಯ ತಾಸುಗಳು. ಕೊನೆಯ ದಿನ ಮಧ್ಯಾಹ್ನವೇ ವಿಮಾನ ಹಿಡಿಯುವ ಯೋಜನೆ ಹಾಕಿಕೊಂಡವರು ಆ ತಾಸುಗಳನ್ನು ಕಳೆದುಕೊಳ್ಳುತ್ತಾರೆ. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಸಲು ಹೋಗಿ ಹೀಗಾಗಬಾರದು ಎಂಬುದು ನನ್ನ ಖಚಿತ ಸಲಹೆ. ಹಾಗೆಂದು ಇಡೀ ದಿನವನ್ನು ತೆರೆದಿಟ್ಟರೆ ಊಟಕ್ಕೂ ಬಿಡುವಿಲ್ಲದಂತೆ ಒಂದರ ಬೆನ್ನಿಗೊಂದು ಭೇಟಿ ಬಂದು ಕೂರುತ್ತದೆ. ಮಧ್ಯಾಹ್ನ ಒಂದು ಸ್ಲಾಟ್ ಮತ್ತು ಮೂರು ಭೇಟಿಗಳಿಗೊಮ್ಮೆ ಒಂದು ಸ್ಲಾಟ್ ಮುಚ್ಚಿಟ್ಟರೆ ಟಿಪ್ಪಣಿ ಬರೆಯಲು ಮತ್ತು ಮುಂದಿನ ಬೂತ್‌ಗೆ ನಡೆಯಲು ಸಾಕಾಗುತ್ತದೆ.

ನಮ್ಮ ಕ್ಯಾಲೆಂಡರ್‌ಗೆ ಭೇಟಿಗಳನ್ನು ಇಳಿಸಿಕೊಂಡರೆ ಸಾಲದೇ?

ಇಳಿಸಿಕೊಳ್ಳಿ, ಆದರೆ ಎರಡು ಅಪಾಯಗಳಿವೆ. ಒಮ್ಮೆ ಫೈಲಾಗಿ ಇಳಿಸಿಕೊಂಡ ಭೇಟಿ ಆ ಗಳಿಗೆಯ ಪ್ರತಿ ಮಾತ್ರ. ಆಮೇಲೆ ವ್ಯವಸ್ಥೆ ಬೂತ್ ಬದಲಿಸಿದರೆ ಅಥವಾ ಸಮಯ ಸರಿಸಿದರೆ ಫೋನಿನ ಕ್ಯಾಲೆಂಡರ್‌ನಲ್ಲಿ ಹಳೆಯದೇ ಉಳಿಯುತ್ತದೆ. ಸಮ್ಮೇಳನದ ದಿನಗಳಲ್ಲಿ ಆ್ಯಪ್‌ನಲ್ಲಿ ಕಾಣುವುದನ್ನೇ ನಂಬಬೇಕು.

ಎರಡನೆಯದು ಗಡಿಯಾರದ ವಿಷಯ, ಇದು ಭಾರತದಿಂದ ಹೋಗುವವರಿಗೆ ವಿಶೇಷವಾಗಿ ಕಾಡುತ್ತದೆ. ಯುರೋಪಿನಲ್ಲಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸುತ್ತಾರೆ. 2025ರಲ್ಲಿ ಅದು ಅಕ್ಟೋಬರ್ 26 ಆಗಿತ್ತು. ಸೆಪ್ಟೆಂಬರ್‌ನಲ್ಲಿ ಕೂತು ಭೇಟಿ ನಿಗದಿ ಮಾಡುವಾಗ ವಿಯೆನ್ನಾ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ. ಸಮ್ಮೇಳನ ನಡೆಯುವ ನವೆಂಬರ್‌ನಲ್ಲಿ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಬೆಳಿಗ್ಗೆ ಹತ್ತರ ಭೇಟಿಯನ್ನು ಮೂರೂವರೆ ಗಂಟೆ ಸೇರಿಸಿ ಭಾರತೀಯ ಕಾಲಮಾನದ ಮಧ್ಯಾಹ್ನ ಒಂದೂವರೆ ಎಂದು ಕೈಯಾರೆ ಬರೆದಿಟ್ಟವರ ಫೋನು ವಿಯೆನ್ನಾದಲ್ಲಿ ಇಳಿದ ಮೇಲೆ ಅದನ್ನು ಒಂಬತ್ತು ಗಂಟೆ ಎಂದು ತೋರಿಸುತ್ತದೆ. ಅಲ್ಲಿ ನಡೆಯುವ ಭೇಟಿಯನ್ನು ಅಲ್ಲಿನ ಕಾಲವಲಯ ಆರಿಸಿಯೇ ನಮೂದಿಸಬೇಕು. ಸಮ್ಮೇಳನಕ್ಕೆ ಮುಂಚೆ ಫೋನಿನಲ್ಲಿ ಮಾತಾಡುವ ಗೊತ್ತುಪಾಡಿದ್ದರೆ ಅದರ ದಿನ ಅಕ್ಟೋಬರ್ ಕೊನೆಯ ಭಾನುವಾರದ ಆಚೆಗಿದೆಯೇ ಈಚೆಗಿದೆಯೇ ನೋಡಿಕೊಳ್ಳಿ.

ಉತ್ತರ ಬಾರದ ಕೋರಿಕೆಗಳನ್ನು ಏನು ಮಾಡಬೇಕು?

ಹತ್ತು ದಿನ ಕಾಯಿರಿ, ಆಮೇಲೆ ಒಮ್ಮೆ ಮಾತ್ರ ನೆನಪಿಸಿ. "ನನ್ನ ಕೋರಿಕೆ ನೋಡಿದಿರಾ" ಎಂದು ಕೇಳುವುದಕ್ಕಿಂತ ಒಂದು ಹೊಸ ವಿಷಯ ಸೇರಿಸಿ ಬರೆಯುವುದು ಮೇಲು. ಉದಾಹರಣೆಗೆ ಅವರ ಅಣುವಿನ ಬಗೆಗೆ ಹೊಂದುವ ಅಳತೆಯೊಂದರಲ್ಲಿ ನೀವು ಎಷ್ಟು ಸೂಕ್ಷ್ಮ ಪ್ರಮಾಣದವರೆಗೆ ಹೋಗಬಲ್ಲಿರಿ ಎಂಬ ಒಂದು ವಾಕ್ಯ. ಎಷ್ಟೋ ಜನ ಆ್ಯಪ್‌ನ ಪೆಟ್ಟಿಗೆಯನ್ನು ಸಮ್ಮೇಳನದ ಹಿಂದಿನ ವಾರವಷ್ಟೇ ತೆರೆಯುತ್ತಾರೆ, ಆದ್ದರಿಂದ ಮೌನವನ್ನು ನಿರಾಕರಣೆ ಎಂದು ತಿಳಿಯಬೇಕಾಗಿಲ್ಲ. ಮೊದಲ ಸಾಲಿನ ಸಂಸ್ಥೆಯಾದರೆ ಅವರ ವೆಬ್‌ಸೈಟ್‌ನಲ್ಲಿ ಪ್ರಕಟಿಸಿರುವ ವಿಳಾಸಕ್ಕೆ ಒಂದು ಪತ್ರ ಬರೆದು, ವ್ಯವಸ್ಥೆಯಲ್ಲಿ ಕೋರಿಕೆ ಇದೆಯೆಂದು ತಿಳಿಸಬಹುದು. ನಿರಾಕರಿಸಿದವರಿಗೆ ಮತ್ತೆ ಕೋರಿಕೆ ಕಳುಹಿಸಬೇಡಿ, ಅದೇ ಸಂಸ್ಥೆಯ ಇನ್ನೊಬ್ಬರಿಗೂ ಕಳುಹಿಸಬೇಡಿ. ಇಂಥ ವ್ಯವಸ್ಥೆಗಳಲ್ಲಿ ಕೋರಿಕೆ ಹೋಗುವುದು ಸಂಸ್ಥೆಗೆ, ಅವರೆಲ್ಲರಿಗೂ ಹಿಂದಿನದು ಕಾಣುತ್ತದೆ. ನಿಮ್ಮ ಇಬ್ಬರು ಪ್ರತಿನಿಧಿಗಳು ಪರಸ್ಪರ ತಿಳಿಯದೆ ಒಂದೇ ಸಂಸ್ಥೆಗೆ ಬರೆಯುವ ಮುಜುಗರವೂ ಆಗಬಾರದು, ಅದಕ್ಕೆ ಹಂಚಿಕೊಂಡ ಶೀಟಿನಲ್ಲಿ ಪ್ರತಿ ಸಂಸ್ಥೆಯ ಮುಂದೆ ಒಬ್ಬರ ಹೆಸರಿರಲಿ.

ಕೊನೆಯ ಎರಡು ಮೂರು ದಿನಗಳಲ್ಲಿ ವೀಸಾ ಸಿಗದೆ, ಪ್ರಯಾಣ ತಪ್ಪಿ, ಭೇಟಿಗಳು ರದ್ದಾಗುತ್ತವೆ. ಆಗ ಬೇಡಿಕೆಯಿರುವವರಿಗೂ ಒಮ್ಮೆಲೇ ಬಿಡುವು ಹುಟ್ಟುತ್ತದೆ. ಹಿಂದಿನ ಭಾನುವಾರ ಸಂಜೆ ಮತ್ತು ಪ್ರತಿ ದಿನ ಬೆಳಿಗ್ಗೆ ಆ್ಯಪ್ ತೆರೆದು ಉತ್ತರ ಬಾರದ ಕೋರಿಕೆಗಳ ಸ್ಥಿತಿ ನೋಡುವ ಅಭ್ಯಾಸವಿದ್ದವರಿಗೆ ಒಂದೆರಡು ಭೇಟಿ ಹೀಗೆ ಕೂಡಿಬರುವುದುಂಟು.

ನಮಗೇ ಬಂದ ಕೋರಿಕೆಗಳನ್ನೆಲ್ಲ ಒಪ್ಪಿಕೊಳ್ಳಬೇಕೇ?

ಬೇಕಿಲ್ಲ. ನಿಮಗೆ ಯಂತ್ರ, ಸಾಫ್ಟ್‌ವೇರ್, ಸಲಹೆ ಮಾರಲು ಬರುವವರೇ ಹೆಚ್ಚು. ಬೇಡವಾದರೆ ಒಂದು ಸಾಲಿನ ಕಾರಣದೊಂದಿಗೆ ಬೇಗ ನಿರಾಕರಿಸಿ. ತೂಗುಹಾಕಿ ಇಟ್ಟರೆ ಅವರೂ ಕಾಯುತ್ತಾ ಕೂರುತ್ತಾರೆ.

ಪಟ್ಟಿಯನ್ನೇ ಕೊಡದ ಸಣ್ಣ ಸಮ್ಮೇಳನಗಳಲ್ಲಿ ಏನು ಮಾಡುವುದು?

ಭಾಷಣಕಾರರು, ಪೋಸ್ಟರ್ ಪ್ರದರ್ಶಿಸುವವರು, ಮಳಿಗೆ ಹಾಕುವವರು, ಪ್ರಾಯೋಜಕರು ಇವರೆಲ್ಲರ ಹೆಸರು ಕಾರ್ಯಕ್ರಮಪಟ್ಟಿಯಲ್ಲಿ ಬಹಿರಂಗವಾಗಿರುತ್ತದೆ. ವೈಜ್ಞಾನಿಕ ಸಮ್ಮೇಳನಗಳಲ್ಲಿ ಪೋಸ್ಟರ್‌ಗಳ ಸಾರಾಂಶ ಪುಸ್ತಕ ಬಹಳ ಒಳ್ಳೆಯ ಪಟ್ಟಿ, ಏಕೆಂದರೆ ಅದರಲ್ಲಿರುವುದು ವ್ಯವಹಾರದ ಮುಖ್ಯಸ್ಥರಿಗಿಂತ ಹೆಚ್ಚಾಗಿ ಕೆಲಸ ಮಾಡುವ ವಿಜ್ಞಾನಿಗಳ ಹೆಸರು. ಭಾಷಣಕಾರರನ್ನು ಕೇಳುವುದಾದರೆ ಅವರ ಮಾತು ಮುಗಿದ ನಂತರದ ಸಮಯವನ್ನೇ ಕೇಳಿ. ಮೊದಲು ಅವರ ಮನಸ್ಸು ಸ್ಲೈಡುಗಳ ಮೇಲಿರುತ್ತದೆ. ಬೂತ್ ವ್ಯವಸ್ಥೆ ಇರುವುದಿಲ್ಲವಾದ್ದರಿಂದ "ಎರಡನೆಯ ಸಭಾಂಗಣದ ನೋಂದಣಿ ಮೇಜಿನ ಎಡಗಡೆ, 11.20ಕ್ಕೆ" ಎಂಬಷ್ಟು ನಿಖರವಾಗಿ ಜಾಗ ಗೊತ್ತುಮಾಡಿಕೊಳ್ಳಬೇಕು. ಕಾಫಿ ವಿರಾಮದಲ್ಲಿ ಸಿಗೋಣ ಎಂದು ಬಿಟ್ಟರೆ ಆ ಗದ್ದಲದಲ್ಲಿ ಯಾರೂ ಯಾರಿಗೂ ಸಿಗುವುದಿಲ್ಲ.

ನಿಗದಿಯಾದ ಭೇಟಿಗೆ ಅವರು ಬಾರದಿದ್ದರೆ?

ಹಿಂದಿನ ಸಂಜೆಯೇ ಮರುದಿನದ ಎಲ್ಲರಿಗೂ ಸಮಯ, ಬೂತ್ ಸಂಖ್ಯೆ ಮತ್ತು ಮಾತಾಡಬೇಕಾದ ಒಂದು ವಿಷಯವನ್ನು ತಿಳಿಸುವ ಎರಡು ಸಾಲಿನ ಸಂದೇಶ ಕಳುಹಿಸಿದರೆ ಬಾರದವರ ಸಂಖ್ಯೆ ಕಡಿಮೆಯಾಗುತ್ತದೆ, ಬಾರಲಾಗದವರು ಆಗಲೇ ತಿಳಿಸಿಬಿಡುತ್ತಾರೆ. ಆದರೂ ಬಾರದಿದ್ದರೆ ಹತ್ತು ನಿಮಿಷ ಬೂತ್‌ನಲ್ಲೇ ಇರಿ. ಹಿಂದಿನ ಭೇಟಿ ತಡವಾಗಿರಬಹುದು, ಸಂಖ್ಯೆ ತಪ್ಪಿ ಪಕ್ಕದ ಸಾಲಿನಲ್ಲಿ ಹುಡುಕುತ್ತಿರಬಹುದು. ಆ ಹತ್ತು ನಿಮಿಷದಲ್ಲಿ ಆ್ಯಪ್‌ನಲ್ಲಿ ಒಂದು ಸಂದೇಶ ಹಾಕಿ, ಅದೇ ದಿನ ಅಥವಾ ಮರುದಿನ ನಿಮಗೆ ಬಿಡುವಿರುವ ಎರಡು ಸ್ಲಾಟ್‌ಗಳನ್ನು ಹೆಸರಿಸಿ. ಬಾರದೆ ಹೋದದ್ದಕ್ಕೆ ಸಂಕೋಚಪಡುವವರು ಆ ಎರಡರಲ್ಲೊಂದನ್ನು ಒಪ್ಪುತ್ತಾರೆ. ಊರಿಗೆ ಮರಳಿದ ಮೇಲೆ ಕೇಳಿದರೆ ಆನ್‌ಲೈನ್ ಮೀಟಿಂಗ್ ಮಾತ್ರ ಸಿಗುತ್ತದೆ, ಅದಕ್ಕೂ ವಾರಗಟ್ಟಲೆ ಕಾಯಬೇಕಾಗುತ್ತದೆ.

ಹೋಗಲಾಗದವರು ನೀವೇ ಆದರೆ ಭೇಟಿಯನ್ನು ವ್ಯವಸ್ಥೆಯೊಳಗೇ ರದ್ದುಮಾಡಿ, ಕಾರಣವನ್ನು ಸಂದೇಶದಲ್ಲಿ ಬರೆಯಿರಿ. ಇಮೇಲ್‌ನಲ್ಲಿ ಮಾತ್ರ ತಿಳಿಸಿದರೆ ಅವರ ವೇಳಾಪಟ್ಟಿಯಲ್ಲಿ ಆ ಸ್ಲಾಟ್ ಮುಚ್ಚಿಯೇ ಇರುತ್ತದೆ, ಮತ್ತು ಅವರಿಗಾಗಿ ಕಾಯುತ್ತಿರುವ ಇನ್ನೊಬ್ಬರಿಗೆ ಅದು ಸಿಗುವುದಿಲ್ಲ.